ಲೋ ಬೀಮ್‌ನಲ್ಲಿದ್ದರೂ ಎದುರಿನವರು ಲೈಟ್ ಹೊಡೆಯುವುದೇಕೆ?

ಪ್ರಶ್ನೆ: ನನ್ನ ಊರು ಮಧುಗಿರಿ, ಕೆಲಸ ತುಮಕೂರಿನಲ್ಲಿ. ದಿನಾ ರಾತ್ರಿ ಕೊರಟಗೆರೆ ಮೇಲೆ ವಾಪಸ್ ಬರುತ್ತೇನೆ. ಎಂಟು ವರ್ಷದ ಹಳೇ ಹ್ಯಾಚ್‌ಬ್ಯಾಕ್, ಮಾಮೂಲಿ ಎಚ್4 ಹ್ಯಾಲೊಜೆನ್ ಬಲ್ಬ್ ಇತ್ತು. ಬೆಳಕು ಸಾಲದು ಅಂತ ‘20,000 ಲ್ಯೂಮೆನ್’ ಎಂದು ಬರೆದಿದ್ದ ಎಲ್‌ಇಡಿ ಬಲ್ಬ್ ಹಾಕಿಸಿದೆ. ಈಗ ಕಾರಿನ ಮುಂದೆ ಬೆಳ್ಳಗೆ ಬೆಳಕಿದೆ. ಆದರೆ ಲೋ ಬೀಮ್‌ನಲ್ಲಿದ್ದರೂ ಎದುರಿನವರೆಲ್ಲ ಲೈಟ್ ಹೊಡೆಯುತ್ತಾರೆ. ಮಳೆ ಬಂದರೆ ನನಗೇ ರಸ್ತೆ ಕಾಣುವುದಿಲ್ಲ. ಅಂಗಡಿಯವರು ಪ್ರೊಜೆಕ್ಟರ್ ಹಾಕಿಸಿ ಅಂತಾರೆ. ಮುಂದಿನ ವರ್ಷ ಕಾರು ಬದಲಿಸುವ ಯೋಚನೆಯೂ ಇದೆ. ಮ್ಯಾಟ್ರಿಕ್ಸ್ ಲೈಟ್ ಇದ್ದರೆ ಡಿಪ್ ಮಾಡುವ ಗೋಜೇ ಇರಲ್ಲವಂತೆ, ನಿಜವಾ? ಸದ್ಯಕ್ಕೆ ಏನು ಮಾಡಲಿ?

ಉತ್ತರ: ಎದುರಿನವರು ಲೈಟ್ ಹೊಡೆಯುವುದರಲ್ಲಿ ಅವರ ತಪ್ಪೇನೂ ಇಲ್ಲ. ನಿಮ್ಮ ಸ್ವಿಚ್ ಲೋ ಬೀಮ್‌ನಲ್ಲಿದೆ, ಹೊರಗೆ ಬರುವ ಬೆಳಕು ಲೋ ಬೀಮ್ ಆಗಿ ಉಳಿದಿಲ್ಲ. ಬಲ್ಬ್ ಬದಲಾಯಿಸಿದ ಕಾರುಗಳು ನನ್ನ ವರ್ಕ್‌ಶಾಪಿಗೆ ಬಂದಾಗ ನಾನು ಮೊದಲು ಬಾನೆಟ್ ತೆಗೆಯುವುದಿಲ್ಲ, ಗೋಡೆಗೆ ಲೈಟ್ ಬಿಟ್ಟು ನೋಡುತ್ತೇನೆ. ಕಾರಣ ಅಲ್ಲೇ ಕಾಣುತ್ತದೆ.

ಅದಕ್ಕೂ ಮುಂಚೆ, ಅಂಗಡಿಗಳಲ್ಲಿ ಕಲಸುಮೇಲೋಗರ ಆಗಿರುವ ಮೂರು ಹೆಸರುಗಳನ್ನು ಬಿಡಿಸಿಕೊಳ್ಳೋಣ. ಎಲ್‌ಇಡಿ ಎಂದರೆ ಬೆಳಕು ಹುಟ್ಟುವ ಜಾಗ. ಹ್ಯಾಲೊಜೆನ್ ಬಲ್ಬಿನಲ್ಲಿ ತಂತಿ ಕಾದು ಬೆಳಗುತ್ತದೆ, ಇಲ್ಲಿ ಪುಟ್ಟ ಚಿಪ್ ಬೆಳಗುತ್ತದೆ. ಪ್ರೊಜೆಕ್ಟರ್ ಎಂದರೆ ಆ ಬೆಳಕಿಗೆ ಆಕಾರ ಕೊಡುವ ವ್ಯವಸ್ಥೆ. ಮ್ಯಾಟ್ರಿಕ್ಸ್ ಎಂದರೆ ಹೈ ಬೀಮ್‌ನ ಯಾವ ತುಂಡು ಯಾವಾಗ ಉರಿಯಬೇಕು ಎಂದು ಕ್ಯಾಮೆರಾ ನೋಡಿ ತೀರ್ಮಾನಿಸುವ ಏರ್ಪಾಡು. ಹಾಗಾಗಿ ‘ಎಲ್‌ಇಡಿ ಒಳ್ಳೇದಾ, ಪ್ರೊಜೆಕ್ಟರ್ ಒಳ್ಳೇದಾ’ ಎಂದು ಕೇಳಿದರೆ ಉತ್ತರ ಇಲ್ಲ. ಪ್ರೊಜೆಕ್ಟರ್ ಒಳಗೆ ಹ್ಯಾಲೊಜೆನ್ ಇರಬಹುದು, ಎಲ್‌ಇಡಿಯೂ ಇರಬಹುದು. ಕಂಪನಿಯಿಂದಲೇ ಎಲ್‌ಇಡಿ ಇಟ್ಟು, ಬೆಳಕನ್ನು ಮುಂದಕ್ಕೆ ತಿರುಗಿಸುವ ಹೊಳಪಿನ ರಿಫ್ಲೆಕ್ಟರಿನಲ್ಲೇ ಅಚ್ಚುಕಟ್ಟಾಗಿ ಬೆಳಕು ಬಿಡುವ ಕಾರುಗಳೂ ಇವೆ.

ನಿಮ್ಮ ಬಲ್ಬಿನಲ್ಲಿ ಏನು ಕೆಟ್ಟಿತು

ಎಚ್4 ಬಲ್ಬನ್ನು ಕೈಯಲ್ಲಿ ಹಿಡಿದು ನೋಡಿ, ಒಳಗೆ ಎರಡು ಫಿಲಮೆಂಟ್ ಇರುತ್ತವೆ. ಲೋ ಬೀಮ್ ಫಿಲಮೆಂಟಿನ ಕೆಳಗೆ ಬಟ್ಟಲಿನಂಥ ಒಂದು ಚಿಕ್ಕ ಲೋಹದ ತಗಡು ಇದೆ. ಫಿಲಮೆಂಟಿನ ಬೆಳಕು ರಿಫ್ಲೆಕ್ಟರಿನ ಕೆಳಗಿನ ಅರ್ಧಕ್ಕೆ ಬೀಳದಂತೆ ಅದು ತಡೆಯುತ್ತದೆ. ಮೇಲಿನ ಅರ್ಧಕ್ಕೆ ಬಿದ್ದ ಬೆಳಕು ತಿರುಗಿ ಕೆಳಗೆ, ರಸ್ತೆಗೆ ಹೋಗುತ್ತದೆ. ಆ ತಗಡಿನ ಒಂದು ಅಂಚನ್ನು 15 ಡಿಗ್ರಿ ಓರೆಯಾಗಿ ಕತ್ತರಿಸಿರುತ್ತಾರೆ. ಅದರಿಂದಲೇ ನಮ್ಮ ದೇಶದ ಕಾರಿನ ಬೆಳಕು ಗೋಡೆಯ ಮೇಲೆ ಬಲಗಡೆ ಮಟ್ಟವಾಗಿ, ಎಡಗಡೆ ಮೇಲಕ್ಕೆ ಓರೆಯಾಗಿ ಏರಿ ಕಾಣುವುದು. ಬಲಗಡೆಯಿಂದ ಬರುವವರ ಕಣ್ಣು ಉಳಿಯಬೇಕು, ಎಡಗಡೆ ನಡೆದು ಹೋಗುವವರೂ ಬೋರ್ಡುಗಳೂ ಕಾಣಬೇಕು, ಅದಕ್ಕೇ ಈ ಆಕಾರ.

ಇದೆಲ್ಲ ನಿಂತಿರುವುದು ಫಿಲಮೆಂಟ್ ಎಲ್ಲಿದೆ ಎನ್ನುವುದರ ಮೇಲೆ. ಅದು ಸುಮಾರು 5 ಮಿ.ಮೀ. ಉದ್ದದ ಸಣ್ಣ ಸುರುಳಿ. ರಿಫ್ಲೆಕ್ಟರನ್ನು ರೂಪಿಸಿರುವುದೇ ಆ ಜಾಗಕ್ಕೆ, ಆ ಗಾತ್ರಕ್ಕೆ. ಅಂಗಡಿಯ ಎಲ್‌ಇಡಿ ಬಲ್ಬಿನಲ್ಲಿ ಒಂದು ಪಟ್ಟಿಯ ಎಡಕ್ಕೊಂದು ಬಲಕ್ಕೊಂದು ಚಿಪ್ ಅಂಟಿಸಿರುತ್ತಾರೆ. ನಡುವೆ ಪಟ್ಟಿಯ ದಪ್ಪ ಬೇರೆ. ಬೆಳಕು ಹುಟ್ಟುವ ಜಾಗ ಮಿಲಿಮೀಟರ್ ಲೆಕ್ಕದಲ್ಲಿ ಸರಿದರೂ ರಿಫ್ಲೆಕ್ಟರ್ ಅದನ್ನು ದೊಡ್ಡದಾಗಿಯೇ ತೋರಿಸುತ್ತದೆ. ಗೋಡೆಯ ಮೇಲೆ ಬೆಳಕು ಮುಗಿದು ಕತ್ತಲು ಶುರುವಾಗುವ ಗೆರೆ ಕದಡಿ, ಬೆಳಕು ಮೇಲಕ್ಕೂ ಸೋರುತ್ತದೆ. ಬಲ್ಬನ್ನು ಲ್ಯಾಂಪಿನಲ್ಲಿ ಕೂರಿಸುವ ಕಾಲರ್ ಸ್ವಲ್ಪ ತಿರುಗಿ ಕೂತರಂತೂ ಇಡೀ ಆಕಾರವೇ ಓರೆಯಾಗುತ್ತದೆ.

ಈ ಸೋರಿಕೆ ಎಷ್ಟು ದುಬಾರಿ ಎಂದು ಒಂದು ಲೆಕ್ಕ ಹೇಳುತ್ತೇನೆ. ಹ್ಯಾಲೊಜೆನ್ ಹೆಡ್‌ಲ್ಯಾಂಪಿನ ಲೋ ಬೀಮ್‌ಗೆ ಯುರೋಪಿನ ನಿಯಮದಲ್ಲಿ, 50 ಮೀಟರ್ ದೂರದಲ್ಲಿ ಎದುರು ಬರುವವರ ಕಣ್ಣು ಇರುವ ಜಾಗಕ್ಕೆ 350 ಕ್ಯಾಂಡೆಲಾಗಿಂತ ಜಾಸ್ತಿ ಹೋಗಬಾರದು. ಕ್ಯಾಂಡೆಲಾ ಎಂದರೆ ಒಂದು ದಿಕ್ಕಿಗೆ ಹೋಗುವ ಬೆಳಕಿನ ಬಲದ ಅಳತೆ. ನಮ್ಮ ಬದಿಯ ರಸ್ತೆಯಲ್ಲಿ 75 ಮೀಟರ್ ದೂರಕ್ಕೆ ಕನಿಷ್ಠ 10,100 ಕ್ಯಾಂಡೆಲಾ ಹೋಗಲೇಬೇಕು. ಹತ್ತಿರ ಹತ್ತಿರ 30 ಪಟ್ಟು ವ್ಯತ್ಯಾಸ. ಮೇಲೆ ಕೆಳಗೆ ಅಳೆದರೆ ಈ ಎರಡು ಜಾಗಗಳ ನಡುವೆ ಇರುವುದು ಒಂದು ಡಿಗ್ರಿಗಿಂತ ಸ್ವಲ್ಪ ಜಾಸ್ತಿ. 10 ಮೀಟರ್ ದೂರದ ಗೋಡೆಯಲ್ಲಿ ಅದು 20 ಸೆಂ.ಮೀ. ಅಷ್ಟೇ. ಒಂದು ಗೇಣಿನೊಳಗೆ ಬೆಳಕು 30ರಿಂದ 1ಕ್ಕೆ ಇಳಿಯಬೇಕು. ಗೆರೆ ಕದಡಿದರೆ ಮೊದಲು ಹಾಳಾಗುವುದು ಇದೇ ಗೇಣು.

ಇನ್ನು ಆ 20,000 ಲ್ಯೂಮೆನ್. ಅದನ್ನು ನಂಬಬೇಡಿ. ಒಳ್ಳೆಯ ಎಲ್‌ಇಡಿಯಿಂದ ಒಂದು ವ್ಯಾಟಿಗೆ 100 ಲ್ಯೂಮೆನ್ ಆಸುಪಾಸು ಸಿಕ್ಕರೆ ಅದೇ ದೊಡ್ಡದು. ನಿಮ್ಮ ಬಲ್ಬ್ 40 ವ್ಯಾಟ್ ತಿನ್ನುತ್ತದೆ ಎಂದುಕೊಂಡರೂ 4,000 ಆಯಿತು. ಬಿಸಿ ಏರಿದಂತೆ ಅದೂ ಇಳಿಯುತ್ತದೆ. ಎಚ್4 ಹ್ಯಾಲೊಜೆನ್ ಲೋ ಬೀಮ್‌ನಲ್ಲಿ ಕೊಡುವುದು ಸುಮಾರು 1,000 ಲ್ಯೂಮೆನ್, ಹೈ ಬೀಮ್‌ನಲ್ಲಿ 1,650. ಅಂದರೆ ಎಲ್‌ಇಡಿಯಲ್ಲಿ ಒಟ್ಟು ಬೆಳಕು ಜಾಸ್ತಿ ಇರುವುದು ನಿಜವೇ. ಆದರೆ ಲ್ಯೂಮೆನ್ ಹೇಳುವುದು ಬೋರ್‌ವೆಲ್ ಎಷ್ಟು ಇಂಚು ನೀರು ಕೊಡುತ್ತದೆ ಎನ್ನುವುದನ್ನು ಮಾತ್ರ. ಅಡಿಕೆ ಗಿಡದ ಬುಡಕ್ಕೆ ಎಷ್ಟು ಬಿತ್ತು ಅಂತ ಹೇಳುವುದು ಕ್ಯಾಂಡೆಲಾ. ಡಬ್ಬಿಯ ಮೇಲೆ ಅದನ್ನು ಯಾರೂ ಬರೆಯುವುದಿಲ್ಲ, ಏಕೆಂದರೆ ಅದು ಬಲ್ಬಿನ ಗುಣವೇ ಅಲ್ಲ. ಇಡೀ ಲ್ಯಾಂಪಿನ ಗುಣ.

ಬೆಳ್ಳಗೆ ಕಂಡರೂ ದೂರ ಕಾಣದಿರುವುದಕ್ಕೂ ಇದೇ ಕಾರಣ. ಕದಡಿದ ಬೆಳಕಿನ ದೊಡ್ಡ ಪಾಲು ಬಂಪರಿನ ಮುಂದೆ ಹತ್ತು ಹದಿನೈದು ಮೀಟರಿನೊಳಗೆ ಬೀಳುತ್ತದೆ. ಅಲ್ಲಿ ಬೆಳಕು ಜಾಸ್ತಿಯಾದರೆ ಕಣ್ಣಿನ ಪಾಪೆ ಕಿರಿದಾಗುತ್ತದೆ, ದೂರದ ಮಬ್ಬು ಇನ್ನೂ ಮಬ್ಬಾಗುತ್ತದೆ. ಮಳೆಯಲ್ಲಿ ಒದ್ದೆ ಟಾರು ಕನ್ನಡಿಯಾಗಿಬಿಡುತ್ತದೆ. ಹತ್ತಿರ ಬಿದ್ದ ಬೆಳಕು ನಿಮ್ಮ ಕಣ್ಣಿಗೆ ವಾಪಸ್ ಬರದೆ, ಜಾರಿ ಎದುರಿನವರ ಕಣ್ಣಿಗೆ ಹೋಗುತ್ತದೆ. ಮೇಲಕ್ಕೆ ಸೋರಿದ ಬೆಳಕು ಮಳೆಹನಿಗೆ ಬಡಿದು ನಿಮ್ಮ ಮುಂದೆ ಬಿಳಿ ಪರದೆ ಕಟ್ಟುತ್ತದೆ. ನೀಲಿ ಛಾಯೆಯ ಬಿಳಿ ಬೆಳಕು ಹಳದಿ ಬೆಳಕಿಗಿಂತ ಕಣ್ಣಿಗೆ ಜಾಸ್ತಿ ಚುಚ್ಚುತ್ತದೆ. ಹ್ಯಾಲೊಜೆನ್ ಬಣ್ಣ ಸುಮಾರು 3,200 ಕೆಲ್ವಿನ್, ನಿಮ್ಮ ಬಲ್ಬ್ ಬಹುಶಃ 6,000ದ ಸುತ್ತಮುತ್ತ.

ಗೋಡೆಯ ಪರೀಕ್ಷೆ

ಇದನ್ನು ನೀವೇ ಮಾಡಬಹುದು. ಸಮತಟ್ಟಾದ ಜಾಗ, ಒಂದು ಗೋಡೆ, ಟೇಪು ಸಾಕು. ಟೈರಿನ ಗಾಳಿ ಸರಿಯಿರಲಿ, ಡ್ರೈವರ್ ಸೀಟಿನಲ್ಲಿ ಒಬ್ಬರು ಕೂತಿರಲಿ. ಡ್ಯಾಶ್‌ಬೋರ್ಡಿನಲ್ಲಿ ಲೈಟ್ ಏರಿಳಿಸುವ ಚಿಕ್ಕ ಚಕ್ರ ಇದ್ದರೆ 0ಗೆ ಇಡಿ. ಗೋಡೆಯಿಂದ 10 ಮೀಟರ್ ದೂರ ಕಾರು ನಿಲ್ಲಿಸಿ. ನೆಲದಿಂದ ಲ್ಯಾಂಪಿನ ನಡುಮಧ್ಯಕ್ಕೆ ಎಷ್ಟು ಎತ್ತರ ಎಂದು ಅಳೆದು, ಗೋಡೆಯ ಮೇಲೆ ಅದೇ ಎತ್ತರಕ್ಕೆ ಒಂದು ಪಟ್ಟಿ ಅಂಟಿಸಿ. ಬಾನೆಟ್ ಒಳಗೆ ಅಥವಾ ಲ್ಯಾಂಪಿನ ಮೇಲೆ ಪುಟ್ಟ ಹೆಡ್‌ಲ್ಯಾಂಪ್ ಚಿತ್ರದ ಪಕ್ಕ 1% ಅಥವಾ 1.2% ಎಂದು ಬರೆದಿರುತ್ತದೆ. 1% ಎಂದರೆ 10 ಮೀಟರಿಗೆ 10 ಸೆಂ.ಮೀ. ಇಳಿಯಬೇಕು ಎಂದರ್ಥ. ಅಷ್ಟು ಕೆಳಗೆ ಎರಡನೇ ಪಟ್ಟಿ ಅಂಟಿಸಿ. ಬೆಳಕಿನ ಮಟ್ಟದ ಗೆರೆ ಈ ಎರಡನೇ ಪಟ್ಟಿಯ ಮೇಲೆ ಕೂರಬೇಕು.

ನಿಮ್ಮದೇ ಥರದ ಒಂದು ಕಾರು ನೋಡಿದ್ದು ಹೇಳುತ್ತೇನೆ. ಲ್ಯಾಂಪಿನ ಎತ್ತರ 66 ಸೆಂ.ಮೀ. ಹ್ಯಾಲೊಜೆನ್ ಹಾಕಿದಾಗ ಗೆರೆ 56ರಲ್ಲಿ ನೆಟ್ಟಗೆ ಕೂತಿತು, ಎಡಗಡೆ ಓರೆಯೂ ಸ್ಪಷ್ಟ. ಎಲ್‌ಇಡಿ ಹಾಕಿದರೆ ಗೆರೆಯ ಜಾಗದಲ್ಲಿ ಮಸುಕು, ಅದರ ಮೇಲೆ ಬಲಗಡೆಯೇ ಒಂದು ಬಿಳಿ ಮಚ್ಚೆ. ಸ್ಕ್ರೂ ತಿರುಗಿಸಿ ಇಡೀ ಬೆಳಕನ್ನು ಕೆಳಗಿಳಿಸಿದರೆ ಮಚ್ಚೆಯೂ ಇಳಿಯುತ್ತದೆ, ಜೊತೆಗೆ ದೂರದ ಬೆಳಕೂ ಹೋಗುತ್ತದೆ. ‘ಸ್ವಲ್ಪ ಡೌನ್ ಮಾಡಿಕೊಡ್ತೀನಿ ಸಾರ್’ ಎನ್ನುವ ಪರಿಹಾರ ಇಷ್ಟೇ.

ಅದೇ ಕಾರಿನ ಡಿಕ್ಕಿಗೆ ಮೂಟೆ ತುಂಬಿದಾಗ ಇನ್ನೊಂದು ವಿಷಯ ಗೊತ್ತಾಯಿತು. ಹಿಂಭಾಗ 4 ಸೆಂ.ಮೀ. ಕುಸಿಯಿತು. ಮುಂದಿನ ಮತ್ತು ಹಿಂದಿನ ಚಕ್ರದ ನಡುವಿನ ಅಂತರ ಎರಡೂವರೆ ಮೀಟರ್. ಲೆಕ್ಕ ಹಾಕಿದರೆ ಬೆಳಕು 1.6% ಮೇಲೆದ್ದಿತು. 1% ಇಳಿಯಬೇಕಿದ್ದ ಬೆಳಕು 0.6% ಏರಲು ಶುರುವಾಯಿತು. 70 ಮೀಟರ್ ದೂರ ಹೋಗುವಷ್ಟರಲ್ಲಿ ಆ ಗೆರೆ ನೆಲದಿಂದ 108 ಸೆಂ.ಮೀ. ಮೇಲೆ, ಅಂದರೆ ಎದುರಿನ ಸಣ್ಣ ಕಾರಿನ ಡ್ರೈವರ್ ಕಣ್ಣಿನ ಹತ್ತಿರ. ಇದು ಶುದ್ಧ ಹ್ಯಾಲೊಜೆನ್ ಕಾರಿನಲ್ಲೂ ಆಗುತ್ತದೆ. ಆ ಚಿಕ್ಕ ಚಕ್ರ ಇರುವುದೇ ಇದಕ್ಕೆ: ಹಿಂದೆ ಜನ, ಸಾಮಾನು ತುಂಬಿದಾಗ 2ಕ್ಕೋ 3ಕ್ಕೋ ತಿರುಗಿಸಬೇಕು. ಸುಮ್ನೆ ಅಲಂಕಾರಕ್ಕೆ ಇಟ್ಟಿದ್ದಾರೆ ಎಂದುಕೊಂಡವರೇ ಜಾಸ್ತಿ.

ಅಂಗಡಿಯವರು ಹೇಳುವ ಪ್ರೊಜೆಕ್ಟರ್

ಪ್ರೊಜೆಕ್ಟರಿನಲ್ಲಿ ಬೆಳಕು ಮೊಟ್ಟೆಯಾಕಾರದ ರಿಫ್ಲೆಕ್ಟರಿಗೆ ಬಡಿದು ಒಂದು ಬಿಂದುವಿನ ಹತ್ತಿರ ಕೂಡುತ್ತದೆ. ಅಲ್ಲಿ ಒಂದು ತಗಡು ಅಡ್ಡ ನಿಂತಿರುತ್ತದೆ. ಮುಂದಿನ ಉಬ್ಬು ಮಸೂರ ಆ ತಗಡಿನ ಅಂಚನ್ನೇ ತಲೆಕೆಳಗಾಗಿ ರಸ್ತೆಯ ಮೇಲೆ ಮೂಡಿಸುತ್ತದೆ. ಹಾಗಾಗಿ ಗೆರೆ ಕತ್ತರಿಸಿದಂತೆ ಇರುತ್ತದೆ, ಕೆಳಗೆ ತುಂಬು ಬೆಳಕು, ಮೇಲೆ ಕತ್ತಲು. ಹೈ ಬೀಮ್ ಹಾಕಿದರೆ ಕೆಲವು ಪ್ರೊಜೆಕ್ಟರುಗಳಲ್ಲಿ ಆ ತಗಡು ಟಕ್ ಎಂದು ಕೆಳಗೆ ಬೀಳುತ್ತದೆ.

ಗೆರೆ ಚೂಪಾಗಿದೆ ಎಂದಮಾತ್ರಕ್ಕೆ ಯಾರ ಕಣ್ಣಿಗೂ ಚುಚ್ಚುವುದಿಲ್ಲ ಎನ್ನುವುದು ಪೂರ್ತಿ ನಿಜವಲ್ಲ. ಗೆರೆಯ ಕೆಳಗೆ ಬೆಳಕು ತೀರಾ ಗಟ್ಟಿಯಾಗಿರುವುದರಿಂದ, ಹಂಪ್ ಹತ್ತಿ ಇಳಿಯುವಾಗ ಎದುರಿನವರಿಗೆ ‘ಇವನು ಲೈಟ್ ಹೊಡೆದ’ ಎಂದೇ ಅನ್ನಿಸುತ್ತದೆ. ಅದೇ ಬೆಳಕು ಅಂಗೈಗಿಂತ ಚಿಕ್ಕ ಮಸೂರದಿಂದ ಬರುವುದೂ ಕಣ್ಣಿಗೆ ಹೆಚ್ಚು ಕುಕ್ಕುತ್ತದೆ. ಗೆರೆಯ ಅಂಚಿನಲ್ಲಿ ಕಾಣುವ ನೀಲಿ ಬಣ್ಣ ಮಾತ್ರ ದೋಷವಲ್ಲ, ಮಸೂರ ಬಣ್ಣಗಳನ್ನು ಒಡೆಯುವುದರಿಂದ ಹಾಗೆ ಕಾಣುತ್ತದೆ.

ಹಳೇ ಲ್ಯಾಂಪಿಗೆ ಹೊರಗಡೆ ಪ್ರೊಜೆಕ್ಟರ್ ಕೂರಿಸುವುದನ್ನು ನಾನು ಸಾಮಾನ್ಯವಾಗಿ ಒಪ್ಪುವುದಿಲ್ಲ. ಲ್ಯಾಂಪನ್ನು ಬಿಸಿ ಮಾಡಿ, ಗಾಜಿನ ಅಂಟು ಬಿಡಿಸಿ, ಒಳಗಿನ ರಿಫ್ಲೆಕ್ಟರ್ ಕೊರೆದು, ಮತ್ತೆ ಅಂಟಿಸುತ್ತಾರೆ. ಅಂಟು ಸರಿಯಾಗಿ ಕೂರದಿದ್ದರೆ ಮೊದಲ ಮಳೆಗೇ ಒಳಗೆ ಹಬೆ ಕಟ್ಟುತ್ತದೆ. ಪ್ರೊಜೆಕ್ಟರ್ ಒಂದೆರಡು ಡಿಗ್ರಿ ಓರೆಯಾಗಿ ಕೂತರೆ ಗೆರೆಯೂ ಓರೆ. ಇದೆಲ್ಲಕ್ಕಿಂತ ದೊಡ್ಡ ತೊಂದರೆ ಬೇರೆ ಇದೆ. ಆಮದಾಗಿ ಬರುವ ಕೆಲವು ಪ್ರೊಜೆಕ್ಟರುಗಳು ರಸ್ತೆಯ ಬಲಗಡೆ ಓಡಿಸುವ ದೇಶಗಳಿಗೆ ಮಾಡಿದವು. ಅವುಗಳ ಓರೆ ಏರುವುದು ಬಲಕ್ಕೆ, ಅಂದರೆ ನಮ್ಮಲ್ಲಿ ನೇರ ಎದುರು ಬರುವವರ ಕಣ್ಣಿಗೆ. ಇಷ್ಟು ದುಡ್ಡು ಸುರಿದು ಈಗಿರುವುದಕ್ಕಿಂತ ಕೆಟ್ಟದ್ದನ್ನು ತಂದುಕೊಂಡಂತೆ. ಹಾಕಿಸಲೇಬೇಕು ಎಂದಿದ್ದರೆ, ದುಡ್ಡು ಕೊಡುವ ಮುಂಚೆ ಅಂಗಡಿಯ ಗೋಡೆಗೆ ಬಿಡಿಸಿ ನೋಡಿ. ಕಾರಿನ ಹಿಂದೆ ನಿಂತು ನೋಡಿದಾಗ ಎಡಗಡೆಯೇ ಏರಬೇಕು. ಕಂಪನಿ ಕೊಟ್ಟ ವಿನ್ಯಾಸ ಬದಲಿಸುವುದರ ಬಗ್ಗೆ ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಇದೆ ಎನ್ನುವುದೂ ಗಮನದಲ್ಲಿರಲಿ. ಅಪಘಾತವಾದಾಗ ಇನ್ಶೂರೆನ್ಸ್‌ನವರು ಇಂಥದ್ದನ್ನೇ ಎತ್ತಿ ಹಿಡಿಯಬಹುದು.

ಸದ್ಯಕ್ಕೆ ನಾನು ಹೇಳುವುದು

ಎಲ್‌ಇಡಿ ತೆಗೆದು ಹ್ಯಾಲೊಜೆನ್ ವಾಪಸ್ ಹಾಕಿ. ಹೆಸರುವಾಸಿ ಕಂಪನಿಯ 60/55 ವ್ಯಾಟ್ ಎಚ್4 ಸಾಕು. 100/90 ವ್ಯಾಟಿನದು ಬೇಡ, ಹೋಲ್ಡರ್ ಕರಗುತ್ತದೆ, ರಿಫ್ಲೆಕ್ಟರಿನ ಹೊಳಪು ಸುಟ್ಟುಹೋಗುತ್ತದೆ. ಹಾಗಾದರೆ ಮತ್ತೆ ಮೊದಲಿನ ಮಂಕು ಬೆಳಕೇ ಅಲ್ವಾ ಎಂದು ನೀವು ಕೇಳಬಹುದು. ಎಂಟು ವರ್ಷದ ಕಾರಿನ ಮಂಕಿಗೆ ಬಹಳ ಸಲ ಬಲ್ಬ್ ಕಾರಣವೇ ಆಗಿರುವುದಿಲ್ಲ.

ಎಂಜಿನ್ ಓಡುತ್ತಿರುವಾಗ, ಲೈಟ್ ಹಾಕಿ, ಬಲ್ಬಿನ ಹೋಲ್ಡರಿನಲ್ಲೇ ವೋಲ್ಟೇಜ್ ಅಳೆಸಿ. ಬ್ಯಾಟರಿಯಲ್ಲಿ 14 ಇದ್ದು ಹೋಲ್ಡರಿನಲ್ಲಿ 12.6 ಬರುತ್ತಿದ್ದರೆ ನಡುವೆ 10% ಕಳೆದುಹೋಗಿದೆ. ವೋಲ್ಟೇಜ್ 10% ಇಳಿದರೆ ಹ್ಯಾಲೊಜೆನ್ ಬೆಳಕು ಹೆಚ್ಚುಕಡಿಮೆ 30% ಇಳಿಯುತ್ತದೆ. ಹಳೇ ವೈರು, ತುಕ್ಕು ಹಿಡಿದ ಅರ್ತ್, ಸವೆದ ಸ್ವಿಚ್ ಇದಕ್ಕೆ ಕಾರಣ. ಬ್ಯಾಟರಿಯಿಂದ ನೇರ ಕರೆಂಟು ತರುವ ರಿಲೇ ವೈರಿಂಗನ್ನು ಫ್ಯೂಸ್ ಸಮೇತ ಹಾಕಿಸಿ, ಅರ್ತ್ ಸ್ವಚ್ಛ ಮಾಡಿಸಿದರೆ ಆ ಬೆಳಕಿನ ಬಹುಪಾಲು ವಾಪಸ್ ಬರುತ್ತದೆ. ಲ್ಯಾಂಪಿನ ಮುಂದಿನ ಪ್ಲಾಸ್ಟಿಕ್ ಬಿಸಿಲಿಗೆ ಹಳದಿಯಾಗಿದ್ದರೆ ಪಾಲಿಶ್ ಮಾಡಿಸಿ, ಮೇಲೆ ಯುವಿ ಲೇಪನ ಹಾಕಿಸಿ. ಲೇಪನ ಇಲ್ಲದ ಪಾಲಿಶ್ ಕೆಲವು ತಿಂಗಳಿಗೆ ಮತ್ತೆ ಹಳದಿ. ಕೊನೆಗೆ ಗೋಡೆಗೆ ಬಿಟ್ಟು ಗೆರೆ ಕೂರಿಸಿ.

ಎದುರಿನವರ ಬೆಳಕು ತಡೆಯಲು ಹಳದಿ ಗಾಜಿನ ಕನ್ನಡಕ ಮಾರುತ್ತಾರಲ್ಲ, ಅದು ಬೇಡ. ಎಲ್ಲ ಬೆಳಕನ್ನೂ ಕಡಿಮೆ ಮಾಡುತ್ತದೆ, ಕತ್ತಲಲ್ಲಿ ನಡೆಯುವವರನ್ನು ಇನ್ನಷ್ಟು ಮರೆಮಾಡುತ್ತದೆ. ವಿಂಡ್‌ಶೀಲ್ಡನ್ನು ಒಳಗಡೆಯಿಂದ ಒರೆಸಿ, ಅದರಿಂದ ಸಿಗುವ ಲಾಭ ಜಾಸ್ತಿ.

ಮ್ಯಾಟ್ರಿಕ್ಸ್ ಏನು ಮಾಡುತ್ತದೆ, ಏನು ಮಾಡುವುದಿಲ್ಲ

2013ರಲ್ಲಿ ಆಡಿ ಎ8 ಕಾರಿನಲ್ಲಿ ಮ್ಯಾಟ್ರಿಕ್ಸ್ ಎಲ್‌ಇಡಿ ಬಂದಾಗ ಒಂದೊಂದು ಲ್ಯಾಂಪಿನ ಹೈ ಬೀಮ್‌ಗೆ 25 ಎಲ್‌ಇಡಿ ಇದ್ದವು. ಪ್ರತಿಯೊಂದೂ ರಸ್ತೆಯ ಒಂದೊಂದು ತುಂಡನ್ನು ಬೆಳಗುತ್ತದೆ. ವಿಂಡ್‌ಶೀಲ್ಡಿನ ಹಿಂದಿನ ಕ್ಯಾಮೆರಾ ಎದುರಿನ ಹೆಡ್‌ಲೈಟು ಅಥವಾ ಮುಂದಿನ ಗಾಡಿಯ ಕೆಂಪು ಟೇಲ್‌ಲೈಟು ಕಂಡ ಕೂಡಲೇ ಆ ತುಂಡಿನ ಎಲ್‌ಇಡಿ ಮಾತ್ರ ಆರುತ್ತದೆ ಅಥವಾ ಮಂಕಾಗುತ್ತದೆ. ಗಾಡಿ ಸರಿದಂತೆ ಕತ್ತಲಿನ ಕಿಂಡಿಯೂ ಸರಿಯುತ್ತದೆ. ಅಕ್ಕಪಕ್ಕ ಹೈ ಬೀಮ್ ಹಾಗೇ ಉಳಿಯುತ್ತದೆ. ಲೋ ಬೀಮ್ ಮಾತ್ರ ಯಾವಾಗಲೂ ಮಾಮೂಲಿ ಲೋ ಬೀಮೇ, ಅದರ ಗೆರೆ ಕೆಟ್ಟಿದ್ದರೆ ಮ್ಯಾಟ್ರಿಕ್ಸ್ ಏನೂ ಮಾಡಲಾಗದು.

ನೆನಪಿಡಬೇಕಾದದ್ದು, ಇದು ಬೆಳಕನ್ನು ನೋಡಿ ಬೆಳಕು ಆರಿಸುವ ವ್ಯವಸ್ಥೆ. ಸಿರಾ ಕಡೆಯ ಹೆದ್ದಾರಿಯಲ್ಲಿ ಯೋಚಿಸಿ. ಡಿವೈಡರಿನಲ್ಲಿ ಗಿಡಗಳು ಎದೆಮಟ್ಟ ಬೆಳೆದಿರುತ್ತವೆ. ಆ ಕಡೆ ಬರುವ ಲಾರಿಯ ಹೆಡ್‌ಲೈಟು ಗಿಡದ ಮರೆಯಲ್ಲಿ, ಡ್ರೈವರ್ ಕೂತಿರುವುದು ಗಿಡಕ್ಕಿಂತ ಮೇಲೆ. ಕ್ಯಾಮೆರಾಗೆ ಲಾರಿ ಕಾಣದೆ ಹೋಗಬಹುದು, ಲಾರಿಯವರಿಗೆ ನಿಮ್ಮ ಹೈ ಬೀಮ್ ಪೂರ್ತಿ ಕಾಣುತ್ತದೆ. ನಿಮ್ಮ ಕೊರಟಗೆರೆ ದಾರಿಯಂಥ ರಸ್ತೆಯಲ್ಲಿ ಸಮಸ್ಯೆ ಬೇರೆ. ಟೇಲ್‌ಲೈಟು ಇಲ್ಲದ ಟ್ರ್ಯಾಕ್ಟರ್ ಟ್ರೇಲರ್, ಎತ್ತಿನ ಗಾಡಿ, ಸೈಕಲ್ ಎದುರಾದಾಗ ಕ್ಯಾಮೆರಾ ನಂಬಿ ಕೂರುವಂತಿಲ್ಲ. ಟ್ರೇಲರ್ ಹಿಂಭಾಗಕ್ಕೆ ಹೈ ಬೀಮ್ ಬಿದ್ದರೆ ನಿಮಗೆ ಒಳ್ಳೆಯದೇ. ಎದುರಿನಿಂದ ಟಾರ್ಚು ಕೂಡ ಇಲ್ಲದೆ ಸೈಕಲ್ ತುಳಿದು ಬರುವವರ ಕಣ್ಣು ಮಾತ್ರ ಕುರುಡಾಗುತ್ತದೆ. ಏರು ಹತ್ತಿ ಇಳಿಯುವಲ್ಲಿ, ತಿರುವಿನಲ್ಲಿ ಎದುರಿನ ಗಾಡಿ ದಿಢೀರನೆ ಕಂಡಾಗ ವ್ಯವಸ್ಥೆ ಅದನ್ನು ಗುರುತಿಸುವವರೆಗೆ ಒಂದು ಕ್ಷಣ ಬೆಳಕು ಬಿದ್ದೇ ಬೀಳುತ್ತದೆ. ಅಂಥ ಕಡೆ ಕೈಯಿಂದ ಡಿಪ್ ಮಾಡಲೇಬೇಕು.

ಶೋರೂಮಿನಲ್ಲಿ ಇನ್ನೊಂದು ಗೊಂದಲ ಇದೆ. ‘ಆಟೋ ಹೈ ಬೀಮ್’ ಅನ್ನೇ ಮ್ಯಾಟ್ರಿಕ್ಸ್ ಎಂಬಂತೆ ಹೇಳುವವರಿದ್ದಾರೆ. ಆಟೋ ಹೈ ಬೀಮ್ ನಿಮ್ಮ ಬದಲು ಸ್ವಿಚ್ ಒತ್ತುತ್ತದೆ ಅಷ್ಟೇ, ಎದುರು ಗಾಡಿ ಕಂಡರೆ ಪೂರ್ತಿ ಲೋ ಬೀಮ್‌ಗೆ ಇಳಿಯುತ್ತದೆ. ನಿಜವಾದ ಮ್ಯಾಟ್ರಿಕ್ಸ್ ನಮ್ಮಲ್ಲಿ ಇನ್ನೂ ಹೆಚ್ಚಾಗಿ ದುಬಾರಿ ಕಾರುಗಳಲ್ಲೇ ಇದೆ. ಟೆಸ್ಟ್ ಡ್ರೈವ್ ಕತ್ತಲಾದ ಮೇಲೆ ಕೇಳಿ. ಊರಾಚೆಯ ಖಾಲಿ ರಸ್ತೆಯಲ್ಲಿ ಒಂದು ಗಾಡಿಯ ಹಿಂದೆ ಅಂತರ ಬಿಟ್ಟು ಹೋಗಿ. ಆ ಗಾಡಿಯ ಮೇಲೆ ಮಾತ್ರ ಕತ್ತಲಿದ್ದು ಎರಡೂ ಬದಿಯ ಮರಗಳು ಬೆಳಗುತ್ತಿದ್ದರೆ ಅದು ಮ್ಯಾಟ್ರಿಕ್ಸ್. ಮರಗಳೂ ಒಟ್ಟಿಗೆ ಕತ್ತಲಾದರೆ ಆಟೋ ಹೈ ಬೀಮ್.

ನಿಮ್ಮ ಓಡಾಟಕ್ಕೆ ನಾನಾದರೆ ಮ್ಯಾಟ್ರಿಕ್ಸ್‌ಗೋಸ್ಕರ ಬಜೆಟ್ ಏರಿಸುವುದಿಲ್ಲ. ಕಂಪನಿಯಿಂದಲೇ ಎಲ್‌ಇಡಿ ಲ್ಯಾಂಪ್ ಬರುವ, ಲೈಟ್ ಏರಿಳಿಸುವ ಚಕ್ರ ಇರುವ ಕಾರು ನೋಡುತ್ತೇನೆ. ಒಳಗೆ ರಿಫ್ಲೆಕ್ಟರ್ ಇದೆಯೋ ಪ್ರೊಜೆಕ್ಟರೋ ಎನ್ನುವುದಕ್ಕಿಂತ, ಗೋಡೆಯ ಮೇಲೆ ಗೆರೆ ಸ್ಪಷ್ಟವಾಗಿದೆಯೇ, ಬೆಳಕು ರಸ್ತೆಯ ಎರಡೂ ಅಂಚಿಗೆ ಹರಡುತ್ತದೆಯೇ ಎಂದು ನೋಡುತ್ತೇನೆ. ಬುಕ್ ಮಾಡುವ ಮುಂಚೆ ಒಂದು ಹೆಡ್‌ಲ್ಯಾಂಪ್ ಅಸೆಂಬ್ಲಿಯ ಬೆಲೆಯನ್ನೂ ಸ್ಪೇರ್ಸ್ ಕೌಂಟರಿನಲ್ಲಿ ಕೇಳಿಬಿಡಿ. ಇಂಥ ಬಹಳಷ್ಟು ಲ್ಯಾಂಪುಗಳಲ್ಲಿ ಎಲ್‌ಇಡಿಯನ್ನು ಬಲ್ಬಿನ ಹಾಗೆ ಬಿಚ್ಚಿ ಬದಲಿಸಲು ಬರುವುದಿಲ್ಲ. ಒಂದು ಬೈಕ್ ತಗುಲಿ ಮೂಲೆ ಒಡೆದರೂ ಇಡೀ ಲ್ಯಾಂಪನ್ನೇ ಕೊಳ್ಳಬೇಕಾಗುತ್ತದೆ.